ಮೂರು ಡ್ರಮ್ಮಿನ ನೀರು ಶುದ್ಧಿ ಕಿಟ್: ಎರಡು ಬೇಸಿಗೆ ಬಳಸಿದ ಮೇಲೆ

ಕಲಬುರಗಿಯಲ್ಲಿ ನಮ್ಮದು ಹತ್ತಿ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ಈ ಕಿಟ್‌ನಲ್ಲಿ ಬಣ್ಣದ ನೀರಿಗೆ ಪಟಿಕ ಹಾಕಿ ಕಲಕಬೇಕು, ಕೆಸರು ಕೂರಿಸಬೇಕು, ಮರಳು ಇದ್ದಿಲಿನಲ್ಲಿ ಸೋಸಬೇಕು. ‘ಸೋಸಿದ ನೀರಲ್ಲೇ ಮತ್ತೆ ಬಣ್ಣ ಹಾಕಿ’ ಅಂತ ಮಾರಿದವರು ಹೇಳಿದ್ದರು. ಅದು ಆಗುವ ಮಾತಲ್ಲ.

10 ಕೆಜಿ ನೂಲಿಗೆ ನಾವು 200 ಲೀಟರ್ ನೀರು, 200 ಗ್ರಾಂ ರಿಯಾಕ್ಟಿವ್ ಬಣ್ಣ, 10 ಕೆಜಿ ಉಪ್ಪು, 4 ಕೆಜಿ ಸೋಡಾ ಹಾಕುತ್ತೇವೆ. ಬಣ್ಣದಲ್ಲಿ ನೂರಕ್ಕೆ 70 ಭಾಗ ಹಿಡಿದರೂ 60 ಗ್ರಾಂ ನೀರಲ್ಲೇ ಉಳಿಯುತ್ತದೆ. ಉಪ್ಪು, ಸೋಡಾ ಬಹುತೇಕ ಎಲ್ಲವೂ ನೀರಲ್ಲೇ. ಪಟಿಕವಾಗಲಿ ಇದ್ದಿಲಾಗಲಿ ಕರಗಿದ ಉಪ್ಪನ್ನು ಮುಟ್ಟುವುದಿಲ್ಲ. ಆ ನೀರಲ್ಲಿ ಮತ್ತೆ ನೂಲು ಅದ್ದಿದರೆ ಬಣ್ಣ ಮೊದಲೇ ದಬದಬ ಏರಿ ಕಲೆ ಕಲೆಯಾಗುತ್ತದೆ. ರಿಯಾಕ್ಟಿವ್ ಬಣ್ಣಕ್ಕೆ ಪಟಿಕವೂ ಅಷ್ಟಕ್ಕಷ್ಟೇ. ಅನ್ನಭೇದಿ ಮತ್ತು ಸುಣ್ಣ ಹಾಕಿದಾಗ ನೀರು ಜಾಸ್ತಿ ತಿಳಿಯಾಯಿತು. ಎಷ್ಟು ಹಾಕಬೇಕೆಂದು ಮೊದಲು ಬಾಟಲಿಯಲ್ಲಿ ನೋಡಿಕೊಳ್ಳುತ್ತೇವೆ.

ಹಾಗಂತ ಕಿಟ್ ಬಿಸಾಡಲಿಲ್ಲ. ಅದರ ಜೊತೆ ಬಂದ, ನೀರಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ತೋರಿಸುವ ಟಿಡಿಎಸ್ ಪೆನ್ ನಮ್ಮ ಕೆಲಸವನ್ನೇ ಬದಲಿಸಿತು. ಬಣ್ಣ ಹಾಕಿದ ಮೇಲೆ 200 ಲೀಟರಿನಂತೆ ಐದು ಸಲ ತೊಳೆಯುತ್ತೇವೆ, ಒಟ್ಟು 1200 ಲೀಟರ್. ಎತ್ತಿದ ಲಡಿಗಳು ಸುಮಾರು 20 ಲೀಟರ್ ನೀರನ್ನು ಹೊತ್ತುಕೊಂಡೇ ಬರುತ್ತವೆ. ಬಣ್ಣದ ತೊಟ್ಟಿಯಲ್ಲಿ ಲೀಟರಿಗೆ 70 ಗ್ರಾಂ ಉಪ್ಪು, ಸೋಡಾ ಇದ್ದರೆ, ಮೊದಲ ತೊಳೆತದಲ್ಲಿ 6 ಗ್ರಾಂ, ಎರಡನೆಯದರಲ್ಲಿ ಅರ್ಧ ಗ್ರಾಂಗಿಂತ ಸ್ವಲ್ಪ ಹೆಚ್ಚು. ಮೂರನೆಯದರಿಂದ ಪೆನ್ನು ಬೋರ್ ನೀರಿನ ಅಂಕಿಯ ಹತ್ತಿರವೇ ನಿಲ್ಲುತ್ತದೆ. ಹಾಗಾದರೆ ಅದನ್ನು ಸುಮ್ನೆ ಚರಂಡಿಗೆ ಬಿಡುವುದೇಕೆ ಅಲ್ವಾ?

ಈಗ ಕೊನೆಯ ಎರಡು ತೊಳೆತದ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ಮುಂದಿನ ಲಡಿಗಳ ಮೊದಲ ಎರಡು ತೊಳೆತಕ್ಕೆ ಹಾಕುತ್ತೇವೆ. ಬರೀ ಇದರಿಂದಲೇ 400 ಲೀಟರ್ ಉಳಿತಾಯ. ತೆಳು ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ ಅನ್ನುವ ಕ್ರಮ ತಪ್ಪಿದರೆ ಮಾತ್ರ ತೆಳು ಬಣ್ಣದ ನೂಲಿಗೆ ಗಾಢ ಬಣ್ಣದ ಛಾಯೆ ಕೂರುತ್ತದೆ.

ಉಳಿದದ್ದು ಬಣ್ಣದ ತೊಟ್ಟಿಯ ಉಪ್ಪುನೀರು. ಶಹಾಬಾದ್ ಕಲ್ಲು ಹಾಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ ಆಳವಿಲ್ಲದ ತೊಟ್ಟಿಯಲ್ಲಿ ಬಿಸಿಲಿಗೆ ಬಿಡುತ್ತೇವೆ. ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ಆರಿದರೆ ಒಂದು ಲೀಟರ್ ಹೋದಂತೆ. ನಮ್ಮ ಏಪ್ರಿಲ್ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಉಪ್ಪು ಗಟ್ಟಿಯಾದಂತೆ ಆರುವುದು ನಿಧಾನವಾಗುತ್ತದೆ. ಮಳೆಗಾಲದಲ್ಲಿ ಮೇಲೆ ತಗಡು ಮುಚ್ಚಲೇಬೇಕು. ಇಲ್ಲದಿದ್ದರೆ ತೊಟ್ಟಿ ತುಂಬಿ ಹರಿಯುತ್ತದೆ. ಒಣಗಿದ ಬಣ್ಣದ ಕೆಸರನ್ನು ಚೀಲದಲ್ಲಿ ಕಟ್ಟಿಟ್ಟು, ಪರವಾನಗಿ ಇರುವ ಅಪಾಯಕಾರಿ ತ್ಯಾಜ್ಯದವರಿಗೇ ಕೊಡಬೇಕು, ಹೊಲಕ್ಕೆ ಹಾಕುವಂತಿಲ್ಲ.

ಹೊಸದಾಗಿ ಕೊಳ್ಳುವವರು ಮೊದಲು ಪೆನ್ನು, ಎರಡು ಡ್ರಮ್ಮು ತಂದು ತೊಳೆತದ ನೀರನ್ನು ಬೇರೆ ಮಾಡಿ. ಇದ್ದಿಲಿನ ಡ್ರಮ್ಮಿಗೆ ದುಡ್ಡು ಹಾಕುವುದನ್ನು ಆಮೇಲೆ ನೋಡೋಣ.