ತತ್ಕಾಲ್ ಟಿಕೆಟಿನಲ್ಲಿ Cancel ಒತ್ತುವ ಮೊದಲು ಓದಿ

ಉಡುಪಿಯಿಂದ ಮುಂಬೈಗೆ ಮದುವೆಗೆ ಹೊರಟ ನಾಲ್ಕು ಜನ. ಸ್ಲೀಪರ್ ತತ್ಕಾಲ್, ನಾಲ್ಕೂ ಕನ್ಫರ್ಮ್. ಮಳೆಗಾಲ, ಗಾಡಿ ಉಡುಪಿಗೇ ಮೂರೂವರೆ ಗಂಟೆ ತಡ. ಕಾದು ಬೇಸತ್ತು ಬಸ್ಸು ಹತ್ತಿದರು, ಹತ್ತುವ ಮೊದಲು ಮೊಬೈಲಿನಲ್ಲಿ Cancel Ticket ಒತ್ತಿದರು. ವಾಪಸ್ ಬಂದದ್ದು ಸೊನ್ನೆ.

ಪೂರ್ತಿ ಹಣ ಸಿಗಬೇಕಿದ್ದ ಪ್ರಕರಣ ಅದು. ಹತ್ತುವ ನಿಲ್ದಾಣದಲ್ಲಿ ಗಾಡಿ 3 ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಮಾಡದಿದ್ದರೆ ತತ್ಕಾಲಿಗೂ ಪೂರ್ತಿ ಮರುಪಾವತಿ ಇದೆ. ಆದರೆ ಅದಕ್ಕೆ ಒತ್ತಬೇಕಾದದ್ದು File TDR, ಅಂದರೆ ಪ್ರಯಾಣ ಮಾಡದ ಟಿಕೆಟಿನ ಹಣ ಕೇಳುವ ಅರ್ಜಿ. ಕಾರಣದ ಪಟ್ಟಿಯಲ್ಲಿ ತಡದ ಸಾಲನ್ನು ಆರಿಸಿ, ಗಾಡಿ ನಿಮ್ಮ ನಿಲ್ದಾಣ ಬಿಡುವ ಮೊದಲೇ ಸಲ್ಲಿಸಬೇಕು. Cancel ಒತ್ತಿದಿರೋ, ಮನಸ್ಸು ಬದಲಿಸಿ ಪ್ರಯಾಣ ಬಿಟ್ಟವರ ಸಾಲಿಗೆ ಸೇರಿದಿರಿ. ಕನ್ಫರ್ಮ್ ತತ್ಕಾಲಿನಲ್ಲಿ ಅಂಥವರಿಗೆ ಬಿಡಿಗಾಸೂ ಇಲ್ಲ.

ಹೋಗುವುದು ತತ್ಕಾಲ್ ಶುಲ್ಕ ಮಾತ್ರ ಅಂದುಕೊಳ್ಳಬೇಡಿ ಮಾರಾಯ್ರೆ, ಟಿಕೆಟಿನ ದರವೂ ಹೋಗುತ್ತದೆ. ಸ್ಲೀಪರಿಗೆ ಮೂಲದರದ 30% ಹೆಚ್ಚುವರಿ, ಕನಿಷ್ಠ ₹100, ಗರಿಷ್ಠ ₹200. ಮೂಲದರ ₹400 ಎಂದಿಟ್ಟುಕೊಂಡರೆ ತಲೆಗೆ ₹520, ನಾಲ್ವರಿಗೆ ₹2,080. ಇಷ್ಟು ಬಿಗಿ ಯಾಕೆಂದರೆ, ಹಿಂದಿನ ದಿನವಷ್ಟೇ ತೆರೆಯುವ ಕೋಟಾದ ಸೀಟು ಕೊನೆಗಳಿಗೆಯಲ್ಲಿ ಖಾಲಿಯಾದರೆ ಮತ್ತೆ ಮಾರಲು ಸಮಯವಿಲ್ಲ. ಹಣ ವಾಪಸ್ ಸಿಗುವಂತಿದ್ದರೆ ದಲ್ಲಾಳಿಗಳು ಸೀಟು ಹಿಡಿದಿಟ್ಟು, ಗಿರಾಕಿ ಸಿಗದಿದ್ದರೆ ಬಿಟ್ಟುಬಿಡುತ್ತಿದ್ದರು.

ವೇಟಿಂಗ್ ಇದ್ದರೆ ಕಥೆ ಬೇರೆ. ತತ್ಕಾಲಿನ ವೇಟಿಂಗ್ ಆದ TQWL ಚಾರ್ಟ್ ಆದ ಮೇಲೂ ಹಾಗೇ ಉಳಿದರೆ ಇ-ಟಿಕೆಟ್ ತಾನೇ ರದ್ದಾಗಿ, ಸಣ್ಣ ಕಡಿತ ಕಳೆದು ಹಣ ಬರುತ್ತದೆ. ಒಂದೇ PNR ನಲ್ಲಿ ಇಬ್ಬರು ಕನ್ಫರ್ಮ್, ಇಬ್ಬರು ವೇಟಿಂಗ್ ಆಗಿದ್ದರೆ, ನಿಗದಿತ ಹೊರಡುವ ಸಮಯಕ್ಕೆ 30 ನಿಮಿಷ ಮೊದಲು ನಾಲ್ವರದ್ದೂ ಒಟ್ಟಿಗೆ ರದ್ದು ಮಾಡಿ. ಆಗ ಕನ್ಫರ್ಮ್ ಆದವರ ಹಣವೂ ಬರುತ್ತದೆ. ವೇಟಿಂಗಿನವರನ್ನಷ್ಟೇ ತೆಗೆದು ಕೂತರೆ ಉಳಿದದ್ದು ಹೋಯಿತು.

ಇನ್ನು ತೆರೆಯುವ ದಿನ. ಎಸಿಗೆ ಬೆಳಿಗ್ಗೆ 10, ಸ್ಲೀಪರಿಗೆ 11 ಗಂಟೆ. ಇದು ಎಲ್ಲರಿಗೂ ಗೊತ್ತು, ಎಡವುವುದು ತಾರೀಕಿನಲ್ಲಿ. ಲೆಕ್ಕ ನೀವು ಹತ್ತುವ ದಿನದಿಂದ ಅಲ್ಲ, ಗಾಡಿ ಮೂಲ ನಿಲ್ದಾಣ ಬಿಡುವ ದಿನದಿಂದ. ಕೇರಳದಿಂದ 9ರ ರಾತ್ರಿ ಹೊರಟು ಉಡುಪಿಗೆ 10ರ ಬೆಳಗಿನ ಜಾವ ಬರುವ ಗಾಡಿಗೆ ತತ್ಕಾಲ್ ತೆರೆಯುವುದು 8ಕ್ಕೆ. 9ಕ್ಕೆ ಕೂತವರಿಗೆ ಕಾಣುವುದು ವೇಟಿಂಗ್ ಮಾತ್ರ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿಲ್ಲದಿದ್ದರೆ ಆನ್‌ಲೈನಿನಲ್ಲಿ ತತ್ಕಾಲ್ ಮಾಡಲಾಗುವುದೇ ಇಲ್ಲ. 2025ರ ಜುಲೈಯಿಂದ ಹೀಗೆ.

ಸೀಟು ಸಿಗದೆ ಪ್ರೀಮಿಯಂ ತತ್ಕಾಲ್ ಒತ್ತುವ ಮೊದಲು ಒಮ್ಮೆ ದರ ನೋಡಿ. ಸೀಟು ಮಾರಾಟವಾದಂತೆ ದರ ಏರುತ್ತಾ ಹೋಗುತ್ತದೆ, ರದ್ದು ಮಾಡಿದರೆ ಅಲ್ಲೂ ಸೊನ್ನೆಯೇ.