ಆನ್‌ಲೈನ್ ಮಾರಾಟಕ್ಕೆ ಸೀರೆಯ ಫೋಟೊ ತೆಗೆಸುವವರ ಗಮನಕ್ಕೆ

ಹಾಸನದಲ್ಲಿ ಮನೆಯಿಂದಲೇ ಹತ್ತಿ ಸೀರೆ ಮಾರುವ ನಮಗೆ ಕಳೆದ ಮಳೆಗಾಲದಲ್ಲಿ ಆದ ನಷ್ಟವನ್ನು, ಇದೇ ವ್ಯಾಪಾರಕ್ಕೆ ಇಳಿಯುತ್ತಿರುವವರಿಗೆ ತಿಳಿಸಲು ಬರೆಯುತ್ತಿದ್ದೇನೆ. ಫೋಟೊ ತೆಗೆದು ಲಿಸ್ಟಿಂಗ್ ಮಾಡಿಕೊಡುವುದಾಗಿ ಹೇಳಿ ಮುಂಗಡ ಪಡೆದವರೊಬ್ಬರು, ನಮ್ಮ ಮನೆಯ ಹಾಲ್‌ನಲ್ಲಿಯೇ ಫೋನಿನಿಂದ ಎಲ್ಲ ಸೀರೆಗಳ ಫೋಟೊ ತೆಗೆದರು. ಆರ್ಡರ್‌ಗಳೇನೋ ಬಂದವು, ಆದರೆ ಬಣ್ಣ ಫೋಟೊದಂತಿಲ್ಲವೆಂಬ ದೂರಿನೊಂದಿಗೆ ಮೆರೂನ್ ಸೀರೆಗಳು ಒಂದರ ಹಿಂದೊಂದು ವಾಪಸು ಬಂದವು.

ಫೋಟೊಗಳನ್ನು ದೊಡ್ಡದಾಗಿಸಿ ನೋಡಿದಾಗ ಕಾರಣ ತಿಳಿಯಿತು. ಸೀರೆಯ ಎಡಕ್ಕೆ ಕಿಟಕಿಯ ಬೆಳಕು ಬೀಳುತ್ತಿದ್ದರೆ, ಮೇಲಿನಿಂದ ಹಳದಿ ಬಲ್ಬ್ ಉರಿಯುತ್ತಿತ್ತು. ಮೋಡದ ದಿನದ ಬೆಳಕಿಗೆ ನೀಲಿಯ ಛಾಯೆಯಿದ್ದರೆ ಬಲ್ಬಿನದು ಹಳದಿ. ಫೋನು ಇವೆರಡನ್ನೂ ಒಟ್ಟಿಗೆ ಸರಿದೂಗಿಸಲಾರದು. ಹೀಗಾಗಿ ಒಂದೇ ಸೀರೆಯ ಅಂಚು ನೇರಳೆಯಾಗಿಯೂ ಸೆರಗು ಇಟ್ಟಿಗೆಗೆಂಪಾಗಿಯೂ ಕಾಣುತ್ತಿತ್ತು. ಅದರ ಮೇಲೆ ಬಣ್ಣ ಹೆಚ್ಚಿಸುವ ಫಿಲ್ಟರ್ ಬೇರೆ ಹಾಕಿದ್ದರು. ಹಿನ್ನೆಲೆ ಅಳಿಸುವ ಆ್ಯಪ್ ಸೀರೆಯ ಕುಚ್ಚನ್ನೂ ಅರ್ಧ ಅಳಿಸಿಹಾಕಿತ್ತು.

ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಸೀರೆಯ ಪಕ್ಕದಲ್ಲಿ ಬಿಳಿ ಕಾಗದವನ್ನಿಟ್ಟು ಒಂದು ಫೋಟೊ ತೆಗೆಸಿರಿ. ಕಾಗದದ ಒಂದು ಬದಿ ನೀಲಿಯಾಗಿಯೂ ಇನ್ನೊಂದು ಹಳದಿಯಾಗಿಯೂ ಕಂಡರೆ ಬೆಳಕು ಬೆರೆತಿದೆ ಎಂದೇ ಅರ್ಥ. ಆಗ ಮನೆಯ ದೀಪಗಳನ್ನೆಲ್ಲ ಆರಿಸಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕಕ್ಕೆ ಸೀರೆಯನ್ನು ತಂದು, ಎದುರು ಬದಿಯಲ್ಲಿ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಬಣ್ಣ ಬಳಿದ ಗೋಡೆ ಹತ್ತಿರವಿರಬಾರದು. ನಮ್ಮ ಹಾಲ್‌ನ ಹಸಿರು ಗೋಡೆಯ ಛಾಯೆ ತಿಳಿಬಣ್ಣದ ಸೀರೆಗಳ ಮೇಲೆಲ್ಲ ಬಿದ್ದಿತ್ತು.

ಹಿನ್ನೆಲೆಗೆ ಬಿಳಿ ಚಾರ್ಟ್ ಹಾಳೆಯನ್ನು ಮಡಿಕೆ ಬೀಳದಂತೆ ಗೋಡೆಯಿಂದ ಮೇಜಿನವರೆಗೆ ಬಾಗಿಸಿ ಇಳಿಬಿಟ್ಟರೆ ಸಾಕು. ಬಿಳಿ ಹೆಚ್ಚಿದ್ದಾಗ ಫೋನು ಇಡೀ ಚಿತ್ರವನ್ನು ಮಂಕಾಗಿಸುತ್ತದೆ. ಸೀರೆಯ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಕಾಗದ ಬಿಳಿಯಾಗುವಷ್ಟು, ಆದರೆ ನೇಯ್ಗೆಯ ಎಳೆಗಳು ಮಾಸದಷ್ಟು ಬೆಳಕನ್ನು ಏರಿಸಬೇಕು. ಅಮೆಜಾನ್‌ನಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿಯಾಗಿದ್ದು, ಚೌಕಟ್ಟಿನ 85% ಭಾಗವನ್ನು ವಸ್ತುವೇ ತುಂಬಿರಬೇಕೆಂಬ ನಿಯಮವಿದೆ. ಆದ್ದರಿಂದ ಕೊನೆಗೆ ಹಿನ್ನೆಲೆಯನ್ನು ತಿದ್ದಲೇಬೇಕಾಗಬಹುದು. ತಿದ್ದಿದ ಮೇಲೆ ಕುಚ್ಚು ಮತ್ತು ಅಂಚುಗಳನ್ನು ಹಿಗ್ಗಿಸಿ ನೋಡಿ.

ಕೋನದ ವಿಷಯದಲ್ಲಿಯೂ ನಮಗೆ ಪೆಟ್ಟು ಬಿತ್ತು. ಒಂದು ಬಣ್ಣದ ಸೀರೆಯನ್ನು ಹತ್ತಿರದಿಂದಲೂ ಇನ್ನೊಂದನ್ನು ದೂರದಿಂದಲೂ ತೆಗೆದಿದ್ದರಿಂದ, ಒಂದೇ ಅಗಲದ ಅಂಚುಗಳು ಬೇರೆಬೇರೆ ಅಗಲದವಾಗಿ ಕಂಡವು. ಟ್ರೈಪಾಡ್‌ನ ಕಾಲುಗಳಿರುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ಪ್ರತಿ ಸೀರೆಯನ್ನೂ ಒಂದೇ ಅಳತೆಗೆ ಮಡಚಿ, ಪೂರ್ಣ ನೋಟ, ಅಂಚು, ಸೆರಗು, ನೇಯ್ಗೆ ಎಂಬ ಒಂದೇ ಕ್ರಮದಲ್ಲಿ ತೆಗೆಯಿಸಿರಿ. ತೀರ ಹತ್ತಿರ ಹೋದರೆ ಅಂಚು ಬಾಗಿದಂತೆ ಕಾಣುವುದರಿಂದ, ಹಿಂದೆ ಸರಿದು 2x ಲೆನ್ಸ್ ಬಳಸುವುದು ಲೇಸು.

ಅಪ್‌ಲೋಡ್ ಮಾಡುವ ಮುನ್ನ ಫೋಟೊವನ್ನು ಬೇರೆ ಎರಡು ಫೋನುಗಳಲ್ಲಿ ತೆರೆದು, ಹಗಲಿನಲ್ಲಿ ಸೀರೆಯ ಪಕ್ಕದಲ್ಲಿಟ್ಟು ಹೋಲಿಸಿ. ಕೆಲವು ಪರದೆಗಳು ಕೆಂಪನ್ನು ಇರುವುದಕ್ಕಿಂತ ಗಾಢವಾಗಿ ತೋರಿಸುವುದರಿಂದ ಬಣ್ಣ ನೂರಕ್ಕೆ ನೂರು ಹೊಂದದು. ಮೆರೂನ್, ನೇರಳೆ ಸೀರೆಗಳಿಗೆ ಆ ಮಾತನ್ನು ವಿವರಣೆಯಲ್ಲಿಯೇ ಬರೆದುಬಿಡಿ.