ಕಿರುಗುಡುವ ಬಾಗಿಲಿಗೆ ತೆಂಗಿನೆಣ್ಣೆಯೋ, ಮಿಷಿನ್ ಎಣ್ಣೆಯೋ, ಗ್ರೀಸೋ?

ಮಲ್ಪೆಯ ನಮ್ಮ ಮನೆಯ ಎದುರು ಬಾಗಿಲು ಮಳೆಗಾಲ ಮುಗಿಯುತ್ತಿದ್ದಂತೆ ಕಿರುಗುಡಲು ಶುರುಮಾಡುತ್ತದೆ. ಅಮ್ಮ ಕೂಡಲೇ ತೆಂಗಿನೆಣ್ಣೆ ಹಾಕುತ್ತಾರೆ. ಸದ್ದು ಅಂದೇ ನಿಲ್ಲುತ್ತದೆ, ಆದರೆ ಕೆಲವು ವಾರಗಳಲ್ಲಿ ಕೀಲಿನ ಸುತ್ತ ಕಪ್ಪು ಜಿಡ್ಡು. ಹೊರಗೆ ಹರಿದ ಎಣ್ಣೆ ಒಣಗದೆ ಹಸಿಯಾಗಿಯೇ ಉಳಿಯುವುದರಿಂದ ರಸ್ತೆಯ ಧೂಳು ಅದಕ್ಕೆ ಅಂಟುತ್ತದೆ. ಆ ಧೂಳು ಕೀಲಿನೊಳಗೆ ಸೇರಿದರೆ ಉಪ್ಪುಕಾಗದದಂತೆ ಕಬ್ಬಿಣವನ್ನು ಸವೆಸುತ್ತದೆ. ಸೂರ್ಯಕಾಂತಿ ಎಣ್ಣೆ ಇನ್ನೂ ಕೆಟ್ಟದ್ದು: ಗಾಳಿ ತಾಗಿ ಅಂಟಾಗುತ್ತದೆ.

ಹೊಲಿಗೆ ಮಿಷಿನ್ ಎಣ್ಣೆ ಹಾಗೆ ಅಂಟಾಗುವುದಿಲ್ಲ, ಸಂದಿಗೂ ಚೆನ್ನಾಗಿ ಇಳಿಯುತ್ತದೆ. ತೆಳುವಾದ್ದರಿಂದ ಬೇಗ ಜಾರಿಹೋಗುತ್ತದೆ, ಹೊರಗೆ ಉಳಿದರೆ ಧೂಳನ್ನೂ ಹಿಡಿಯುತ್ತದೆ.

ಪಿನ್ ಬಿಚ್ಚಲು ಬರುವ ಕೀಲಾದರೆ ನನ್ನ ಆಯ್ಕೆ ಬಿಳಿ ಲಿಥಿಯಂ ಗ್ರೀಸ್. ಅದು ಹಾಕಿದಲ್ಲೇ ನಿಲ್ಲುತ್ತದೆ, ತೇವವನ್ನೂ ತಡೆಯುತ್ತದೆ. ಬಾಗಿಲು ಮುಚ್ಚಿ, ಒಂದು ಸಲಕ್ಕೆ ಒಂದೇ ಪಿನ್ನನ್ನು ಕೆಳಗಿನಿಂದ ಮೊಳೆಯಿಟ್ಟು ತಟ್ಟಿ ತೆಗೆಯಿರಿ. ಕೆಂಪು ಪುಡಿ ಕಂಡರೆ ತುಕ್ಕು: ಉಪ್ಪುಕಾಗದದಿಂದ ತಿಕ್ಕಿ, ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ. ಗ್ರೀಸನ್ನು ತೆಳುವಾಗಿ ಸವರಿ, ಪಿನ್ ಹಾಕಿ, ಹೊರಬಂದದ್ದನ್ನು ಪೂರ್ತಿ ಒರೆಸಿಬಿಡಿ. ಹೊರಗೆ ಜಿಡ್ಡಿಲ್ಲದಿದ್ದರೆ ಧೂಳಿಗೆ ಹಿಡಿತವಿಲ್ಲ.

ಹಳೆಯ ಬಾಗಿಲುಗಳಲ್ಲಿ ಪಿನ್ ಬಿಚ್ಚಲು ಬಾರದಂತೆ ಜಡಿದಿರುವುದುಂಟು. ಅಲ್ಲಿಗೆ ಗ್ರೀಸ್ ಒಳಹೋಗದು. ಮಿಷಿನ್ ಎಣ್ಣೆಯೇ ಸರಿ. ಮೇಲಿನಿಂದ ಎರಡು ಹನಿ ಬಿಟ್ಟು, ಬಾಗಿಲನ್ನು ಹತ್ತಿಪ್ಪತ್ತು ಸಲ ಆಡಿಸಿ ಒರೆಸಿ. ಆಮೇಲೂ ಕಿರುಗುಟ್ಟಿದರೆ ಸ್ಕ್ರೂ ಸಡಿಲವಾಗಿ ಬಾಗಿಲು ಜೋತಿದೆಯೇ ನೋಡಿ.